ನೂರಕ್ಕೆ ನಲವತ್ತಾರು: ಒಂದು ಪ್ರಾಜೆಕ್ಟ್ ವರದಿಯ ಎಐ ಅಂಕವನ್ನು ಓದಿದ ಬಗೆ

ಉಡುಪಿಯ ಒಂದು ಕಾಲೇಜು. ಎಂ.ಕಾಂ. ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿನಿ ಮಲ್ಪೆಯ ಐಸ್ ಪ್ಲ್ಯಾಂಟುಗಳ ದುಡಿಯುವ ಬಂಡವಾಳದ ಮೇಲೆ ಪ್ರಾಜೆಕ್ಟ್ ಮಾಡಿದ್ದಾಳೆ. ವರದಿ ಇಂಗ್ಲಿಷಿನಲ್ಲಿದೆ. ಹತ್ತನೆಯ ತರಗತಿಯ ತನಕ ಅವಳು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಮನೆಯಲ್ಲಿ ಆಡುವುದು ತುಳು. ಸಲ್ಲಿಸುವ ಮೊದಲು ಗ್ರಂಥಾಲಯದಲ್ಲಿ, ನಕಲು ಪತ್ತೆ ಮಾಡುವ ಟರ್ನಿಟಿನ್ ತಂತ್ರಾಂಶಕ್ಕೆ ಹಾಕಿದಾಗ ಎರಡು ಅಂಕ ಬಂದವು: ಸಾಮ್ಯತೆ 11%, ಎಐ ಬರಹ 46%. ಗೈಡ್ ಫೋನ್ ಮಾಡಿ ಹೇಳಿದ್ದು ಇಷ್ಟು: "ನೋಡಮ್ಮ, ನಲವತ್ತಾರು ಬಂದಿದೆ. ಲೆವೆಲ್ ಎರಡು ಆಯ್ತು. ಇಪ್ಪತ್ತಕ್ಕಿಂತ ಕೆಳಗೆ ತಾ, ಇಲ್ಲದಿದ್ರೆ ನಾನು ಸೈನ್ ಹಾಕುದಿಲ್ಲ."

"ನಾನೇ ಬರೆದದ್ದು ಸರ್. ಎಂತ ತೆಗಿಬೇಕು ಹೇಳಿ."

ಎಂತ ತೆಗೆಯಬೇಕೆಂದು ಗೈಡಿಗೂ ಗೊತ್ತಿರಲಿಲ್ಲ. ಈ ಬರಹ ಅದೇ ಪ್ರಶ್ನೆಯ ಬೆನ್ನು ಹತ್ತಿ ಹೋಗುತ್ತದೆ. ಪ್ರಕರಣದ ವಿವರಗಳನ್ನೂ ಪದಸಂಖ್ಯೆಗಳನ್ನೂ ಲೆಕ್ಕ ಕಣ್ಣಿಗೆ ಕಾಣಲೆಂದು ಹೊಂದಿಸಿಕೊಂಡಿದ್ದೇವೆ. ಉಪಕರಣದ ಬಗ್ಗೆ, ನಿಯಮಗಳ ಬಗ್ಗೆ ಹೇಳಿದ್ದು ಮಾತ್ರ ಇದ್ದದ್ದು ಇದ್ದ ಹಾಗೆ.

ಗೈಡಿನ ಒಂದು ಮಾತಿನಲ್ಲಿ ಎರಡು ತಪ್ಪು

ಮೊದಲನೆಯದು "ಲೆವೆಲ್ ಎರಡು". ಈ ಲೆವೆಲ್‌ಗಳು ಬಂದದ್ದು ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಾವಳಿಯಿಂದ. 10% ತನಕ ಲೆವೆಲ್ ಸೊನ್ನೆ, ಶಿಕ್ಷೆ ಇಲ್ಲ. 10ರಿಂದ 40 ಲೆವೆಲ್ ಒಂದು, ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60 ಲೆವೆಲ್ ಎರಡು, ತಿದ್ದಿದ ಪ್ರತಿಯನ್ನೂ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಇವೆಲ್ಲ ಸಾಮ್ಯತೆಗೆ, ಅಂದರೆ ಬೇರೆ ಕಡೆ ಅಚ್ಚಾದ ಬರಹದೊಂದಿಗೆ ಪದಕ್ಕೆ ಪದ ಹೊಂದುವ ಭಾಗಕ್ಕೆ ಹಾಕಿದ ಗೆರೆಗಳು. ಸಾಮ್ಯತೆ ವರದಿಯಲ್ಲಿ ಬಣ್ಣ ಬಿದ್ದ ಸಾಲಿನ ಪಕ್ಕ ಮೂಲದ ವಿಳಾಸ ಇರುತ್ತದೆ. ಕ್ಲಿಕ್ ಮಾಡಿ ಎರಡನ್ನೂ ಅಕ್ಕಪಕ್ಕ ಇಟ್ಟು ಓದಬಹುದು. ಎಐ ಅಂಕಕ್ಕೆ ಹಾಗೆ ತೋರಿಸಲು ಮೂಲ ಎಂಬುದೇ ಇಲ್ಲ. ಇರುವುದು ಒಂದು ಕಂಪ್ಯೂಟರ್ ಮಾದರಿಯ ಅಂದಾಜು. 2018ರ ಗೆರೆಗಳನ್ನು ಎಳೆದಾಗ ಈ ಅಂಕ ಹುಟ್ಟಿಯೂ ಇರಲಿಲ್ಲ. ಟರ್ನಿಟಿನ್ ಅದನ್ನು ತಂದದ್ದು 2023ರ ಏಪ್ರಿಲ್‌ನಲ್ಲಿ. ಒಂದೇ ಪರದೆಯಲ್ಲಿ, ಒಂದೇ ಶೇಕಡಾ ಚಿಹ್ನೆಯೊಂದಿಗೆ ಪಕ್ಕಪಕ್ಕ ಕೂತ ಕಾರಣಕ್ಕೆ ಎರಡೂ ಒಂದೇ ಜಾತಿಯವೆಂದು ಅನೇಕ ವಿಭಾಗಗಳು ನಂಬಿಕೊಂಡಿವೆ. ಈ ವಿದ್ಯಾರ್ಥಿನಿಗೆ ಲೆವೆಲ್ ಅನ್ವಯಿಸಲೇಬೇಕಿದ್ದರೆ ಅದು 11ಕ್ಕೆ, 46ಕ್ಕೆ ಅಲ್ಲ. ಆ 11ರಲ್ಲೂ ಗ್ರಂಥಸೂಚಿ, ಉಲ್ಲೇಖ ಸಹಿತ ಉದ್ಧರಣೆ, ಸಾಲಾಗಿ 14 ಪದಗಳವರೆಗಿನ ಸಾಮಾನ್ಯ ಹೊಂದಿಕೆ ಇವನ್ನು ಬಿಟ್ಟು ಎಣಿಸಬೇಕೆಂದು ನಿಯಮವೇ ಹೇಳುತ್ತದೆ. ಹಾಗೆ ಎಣಿಸಿದಾಗ ಉಳಿದದ್ದು 6.

ಎರಡನೆಯ ತಪ್ಪು "ಇಪ್ಪತ್ತಕ್ಕಿಂತ ಕೆಳಗೆ ತಾ". ಸಾಮ್ಯತೆಯನ್ನು ಇಳಿಸುವುದೆಂದರೆ ಉದ್ಧರಣ ಚಿಹ್ನೆ ಹಾಕುವುದು, ಮೂಲವನ್ನು ಹೇಳುವುದು, ಸ್ವಂತ ಮಾತಿನಲ್ಲಿ ಬರೆಯುವುದು. ಅದರಿಂದ ವರದಿ ಉತ್ತಮವಾಗುತ್ತದೆ. ಎಐ ಅಂಕವನ್ನು ಇಳಿಸಲು ಹೊರಟವಳು ಮಾಡುವುದೇನು? ನೇರ ವಾಕ್ಯವನ್ನು ಸೊಟ್ಟ ಮಾಡುತ್ತಾಳೆ, ಸರಿಯಾದ ಪದ ತೆಗೆದು ಅಪರೂಪದ ಪದ ತುರುಕುತ್ತಾಳೆ, ಇಲ್ಲವೇ "ಮನುಷ್ಯರ ಹಾಗೆ ಮಾಡಿಕೊಡುತ್ತೇವೆ" ಎನ್ನುವ ಜಾಲತಾಣಕ್ಕೆ ಇಡೀ ವರದಿಯನ್ನು ಸುರಿಯುತ್ತಾಳೆ. ಸ್ವಂತ ಬರೆದವಳನ್ನು ಯಂತ್ರದ ಬಾಗಿಲಿಗೆ ಕಳಿಸುವ ಆಜ್ಞೆ ಇದು.

46ರ ಕೆಳಗೆ ಇರುವ ಸಂಖ್ಯೆ

ಶೇಕಡಾ ಎಂದ ಮೇಲೆ ಯಾವುದರ ಶೇಕಡಾ ಎಂದು ಕೇಳಬೇಕು. ಟರ್ನಿಟಿನ್‌ನ ಸ್ವಂತ ವಿವರಣೆಯಲ್ಲಿ ಈ ಅಂಕ ಎಂದರೆ, ಕಡತದಲ್ಲಿನ ಅರ್ಹ ಪಠ್ಯದಲ್ಲಿ ಎಷ್ಟು ಭಾಗ ಎಐನಿಂದ ಬಂದಿರಬಹುದೆಂದು ಮಾದರಿ ತೀರ್ಮಾನಿಸಿದೆ ಎಂಬುದು. ಅರ್ಹ ಪಠ್ಯ ಎಂದರೆ ಪ್ಯಾರಾ ರೂಪದ, ಪೂರ್ಣ ವಾಕ್ಯಗಳ ಗದ್ಯ. ಪಟ್ಟಿ, ಬುಲೆಟ್ ಸಾಲು, ಕೋಷ್ಟಕ, ಕವಿತೆ, ಕೋಡ್ ಇವು ಲೆಕ್ಕಕ್ಕೆ ಬರುವುದಿಲ್ಲ. ಅಂಥ ಗದ್ಯ ಕನಿಷ್ಠ 300 ಪದ ಇಲ್ಲದಿದ್ದರೆ ಅಂಕವೇ ಬರುವುದಿಲ್ಲ.

ಗೈಡ್ ವರದಿಯ ಪಿಡಿಎಫ್ ಇಳಿಸಿಕೊಂಡು, ಒಂದು ಮಧ್ಯಾಹ್ನ ಕೂತು, ಬಣ್ಣ ಬಿದ್ದ ಸಾಲುಗಳನ್ನು ಅಧ್ಯಾಯವಾರು ಎಣಿಸಿದರು. ಎಣಿಸುವ ಸುಲಭ ದಾರಿ: ವರದಿಯ ವರ್ಡ್ ಪ್ರತಿಯಲ್ಲಿ ಆ ಪ್ಯಾರಾಗಳನ್ನಷ್ಟೇ ಆಯ್ಕೆ ಮಾಡಿದರೆ ಪರದೆಯ ತಳದ ಪಟ್ಟಿಯಲ್ಲಿ ಪದಸಂಖ್ಯೆ ಕಾಣುತ್ತದೆ. ಇಡೀ ವರದಿ 9,400 ಪದ. ಅದರಲ್ಲಿ ಕೋಷ್ಟಕಗಳು, ಪ್ರಶ್ನಾವಳಿ, ಬುಲೆಟ್ ಹಾಕಿದ ಫಲಿತಾಂಶ ಮತ್ತು ಸಲಹೆಗಳು, ಗ್ರಂಥಸೂಚಿ ಎಲ್ಲ ಸೇರಿ 4,400. ಉಳಿದ ಗದ್ಯ 5,000. ಬಣ್ಣ ಬಿದ್ದದ್ದು 2,300.

```
2300 / 5000 = 46%
2300 / 9400 = 24%
```

ಎರಡನೆಯ ಸಾಲು ಹೆಚ್ಚು ಸರಿ ಎಂದು ಇದರ ಅರ್ಥವಲ್ಲ. ಆದರೆ "ವರದಿಯ ಅರ್ಧಕ್ಕರ್ಧ ಯಂತ್ರ ಬರೆದದ್ದು" ಎಂದು ಸ್ಟಾಫ್ ರೂಮಿನಲ್ಲಿ ಹರಡಿದ ಮಾತು ಇಲ್ಲಿಗೇ ಬಿದ್ದುಹೋಯಿತು. ಇನ್ನೂ ಒಂದು ಲೆಕ್ಕ ಮಾಡಿ ನೋಡಿ. ಬುಲೆಟ್ ಹಾಕಿದ್ದ ಫಲಿತಾಂಶಗಳ ಭಾಗ ಸುಮಾರು 1,100 ಪದ. ಅದನ್ನೇ ಅವಳು ಪ್ಯಾರಾಗಳಾಗಿ ಬರೆದಿದ್ದು, ಅಲ್ಲಿ ಬಣ್ಣ ಬೀಳದೆ ಇದ್ದಿದ್ದರೆ ಛೇದ 6,100 ಆಗುತ್ತಿತ್ತು, ಅಂಕ 38%. ಗೈಡಿನ ತಪ್ಪು ಓದಿನಲ್ಲಿ ಲೆವೆಲ್ ಎರಡು ಲೆವೆಲ್ ಒಂದಾಗಿ, ಒಂದು ವರ್ಷದ ನಷ್ಟ ತಪ್ಪುತ್ತಿತ್ತು. ಮಾಡಿದ ಕೆಲಸದಲ್ಲಿ ಏನೂ ಬದಲಾಗಿಲ್ಲ, ಬುಲೆಟ್ ಚುಕ್ಕೆಗಳಷ್ಟೇ ಹೋದವು.

ಇಲ್ಲಿಂದ ಇನ್ನೊಂದು ಮಾತೂ ಹೊರಡುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ. ಬಣ್ಣ ಬೀಳದ ಭಾಗವನ್ನು ಮನುಷ್ಯ ಬರೆದದ್ದೆಂದು ಉಪಕರಣ ಹೇಳುತ್ತಿಲ್ಲ. ಬುಲೆಟ್ ಸಲಹೆಗಳನ್ನು ಅದು ನೋಡಿಯೇ ಇಲ್ಲ. "46 ಯಂತ್ರ, 54 ಅವಳದ್ದು" ಎನ್ನುವ ಓದು ಎರಡೂ ಬದಿಯಲ್ಲಿ ತಪ್ಪು. ಪ್ರಾಜೆಕ್ಟ್ ವರದಿಗಳಲ್ಲಿ ಚಾಟ್‌ಬಾಟ್ ಕೈಯಿಂದ ಬರೆಸಲು ಅತ್ಯಂತ ಸುಲಭವಾದ ಭಾಗವೇ ಬುಲೆಟ್ ಸಲಹೆಗಳು, ಬಣ್ಣ ಬೀಳಲು ಸಾಧ್ಯವೇ ಇಲ್ಲದ ಭಾಗವೂ ಅದೇ.

ಮೂರು ಜಾಲತಾಣ, ಮೂರು ಅಂಕ

ಗಾಬರಿಯಾದ ವಿದ್ಯಾರ್ಥಿನಿ ಅಷ್ಟರಲ್ಲಿ ಸಾಹಿತ್ಯ ಸಮೀಕ್ಷೆಯ ಅಧ್ಯಾಯವನ್ನು ಎರಡು ಉಚಿತ ಜಾಲತಾಣಗಳಿಗೂ ಹಾಕಿದ್ದಳು. ಒಂದರಲ್ಲಿ 94%, ಇನ್ನೊಂದರಲ್ಲಿ 12%. ಮನೆಯಲ್ಲಿ ಅಣ್ಣ ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿ 51 ಎಂದು ಕೊಟ್ಟ.

ಕೂಡಿಸಲು ಬಾರದ್ದನ್ನು ಕೂಡಿಸಿದರೆ ಹೀಗಾಗುತ್ತದೆ. ಟರ್ನಿಟಿನ್‌ನ 46 ಪ್ರಮಾಣ: ಎಷ್ಟು ಪಠ್ಯ ಎಂಬುದು. 94 ಕೊಟ್ಟ ಜಾಲತಾಣದ ಅಂಕ ಭರವಸೆ: ಈ ಪಠ್ಯ ಒಟ್ಟಾರೆಯಾಗಿ ಎಐ ಗುಂಪಿಗೆ ಸೇರುತ್ತದೆಂದು ಅದರ ಮಾದರಿಗೆ ಎಷ್ಟು ನಂಬಿಕೆ ಎಂಬುದು. ನೂರು ಪದಗಳಲ್ಲಿ 94 ಯಂತ್ರದವು ಎಂದು ಅದು ಹೇಳುತ್ತಲೇ ಇಲ್ಲ. ಜಿಪಿಟಿಝೀರೊ ಎಂಬ ಪತ್ತೆ ತಾಣ ಕೂಡ ಮುಖ್ಯವಾಗಿ ಕೊಡುವುದು ಇಂಥ ಸಂಭವನೀಯತೆಯನ್ನೇ. 12 ತೋರಿಸಿದ ತಾಣದಲ್ಲಿ ಆ ಸಂಖ್ಯೆ ಯಾವುದರದ್ದೆಂದು ಎಲ್ಲಿಯೂ ಬರೆದಿರಲಿಲ್ಲ. ಅಂಥ ಅಂಕವನ್ನು ಓದುವ ಪ್ರಶ್ನೆಯೇ ಬರುವುದಿಲ್ಲ, ಬಿಟ್ಟುಬಿಡಬೇಕು. ಮಲ್ಪೆ ದಕ್ಕೆಯಲ್ಲಿ ಒಬ್ಬರು ಬುಟ್ಟಿಯಲ್ಲಿ ಎಷ್ಟು ಬಂಗುಡೆ ಇದೆಯೆಂದೂ ಇನ್ನೊಬ್ಬರು ಈ ಬುಟ್ಟಿ ಬಂಗುಡೆಯದ್ದೇ ಎಂದು ತನಗೆಷ್ಟು ಖಾತ್ರಿ ಎಂದೂ ಹೇಳಿದರೆ, ಎರಡರ ಸರಾಸರಿ ತೆಗೆಯುವವರು ಇದ್ದಾರೆಯೇ?

ಭರವಸೆಯ ಅಂಕದಲ್ಲಿ ಮತ್ತೊಂದು ಗುಂಡಿ ಇದೆ. 94 ಎಂದರೆ ಹೀಗೆ 94 ಬಂದ ನೂರು ಬರಹಗಳಲ್ಲಿ 94 ನಿಜಕ್ಕೂ ಯಂತ್ರದವು ಎಂದು ಓದಲು ಮನಸ್ಸಾಗುತ್ತದೆ. ಅದು ಸತ್ಯವಾಗಬೇಕಿದ್ದರೆ ಮಾದರಿಯನ್ನು ಪರೀಕ್ಷಿಸಿದ ಬರಹಗಳ ರಾಶಿಯೂ ನಿಮ್ಮ ತರಗತಿಯ ಬರಹಗಳ ರಾಶಿಯೂ ಒಂದೇ ಬಗೆಯವಾಗಿರಬೇಕು. ಕನ್ನಡ, ತುಳು, ಬ್ಯಾರಿ, ಕೊಂಕಣಿ ಮಾತಾಡುತ್ತ ಬೆಳೆದು ಇಂಗ್ಲಿಷಿನಲ್ಲಿ ಕಾಮರ್ಸ್ ವರದಿ ಬರೆಯುವವರ ರಾಶಿಯಲ್ಲಿ ಅದನ್ನು ಪರೀಕ್ಷಿಸಿ ನೋಡಿದ್ದಾರೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಉಪಕರಣಗಳಿಗೆ ಹಾಕಿದರು. ಎಲ್ಲವೂ ಮನುಷ್ಯರು ಬರೆದವೇ. ಸರಾಸರಿ ತೆಗೆದರೆ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳಿಗೆ ಎಐ ಎಂಬ ಹಣೆಪಟ್ಟಿ ಬಿತ್ತು. 18 ಪ್ರಬಂಧಗಳನ್ನು ಏಳಕ್ಕೆ ಏಳೂ ಎಐ ಎಂದವು. ಆ ಏಳರಲ್ಲಿ ಟರ್ನಿಟಿನ್ ಇರಲಿಲ್ಲ, ಉಪಕರಣಗಳು ಅಲ್ಲಿಂದೀಚೆಗೆ ಬದಲಾಗಿವೆ ಎಂಬುದನ್ನೂ ಹೇಳಬೇಕು. ಆದರೆ ಕಾರಣ ಹಳತಾಗಿಲ್ಲ. ಮುಂದಿನ ಪದ ಎಷ್ಟು ಊಹಿಸಬಲ್ಲದ್ದು ಎಂಬುದು ಈ ಉಪಕರಣಗಳು ನೋಡುವ ಮುಖ್ಯ ಗುರುತುಗಳಲ್ಲೊಂದು. ಭಾಷೆಯನ್ನು ಪಾಠದಿಂದ ಕಲಿತವರು ಗೊತ್ತಿರುವ ಪದಗಳಲ್ಲೇ, ಗೊತ್ತಿರುವ ಜೋಡಣೆಯಲ್ಲೇ, ತಪ್ಪಾಗದ ಹಾಗೆ ಎಚ್ಚರದಿಂದ ಬರೆಯುತ್ತಾರೆ. ಆ ಎಚ್ಚರವೇ ಯಂತ್ರದ ನಡೆಯ ಹಾಗೆ ಕಾಣುತ್ತದೆ.

ಇದರ ಜೊತೆಗೆ ಸೇರುವ ಒಂದು ವಿಚಿತ್ರ ಅಭ್ಯಾಸವನ್ನೂ ಹೇಳಿಬಿಡೋಣ. ಟರ್ನಿಟಿನ್‌ನ ಎಐ ಪತ್ತೆಗೆ ಕನ್ನಡ ಬರುವುದಿಲ್ಲ. ಹಾಗೆಂದು ಕನ್ನಡ ಎಂ.ಎ. ಪ್ರಬಂಧಗಳನ್ನು ಇಂಗ್ಲಿಷಿಗೆ ಯಂತ್ರಾನುವಾದ ಮಾಡಿಸಿ ಅದಕ್ಕೆ ಅಂಕ ತೆಗೆಯುವವರಿದ್ದಾರೆ. ಆಗ ಅಂಕ ಸಿಗುವುದು ಅನುವಾದ ಯಂತ್ರದ ಇಂಗ್ಲಿಷಿಗೆ, ಬರೆದ ಹುಡುಗನಿಗಲ್ಲ.

ಒಂದು ಶೇಕಡಾ ತಪ್ಪು ಎಂದರೆ ಎಷ್ಟು ಮಂದಿ

ಗೈಡಿನ ಮುಂದಿನ ವಾದ ಹೀಗಿತ್ತು: ತಪ್ಪಾಗುವುದು 1% ಕ್ಕಿಂತ ಕಡಿಮೆ ಎಂದು ಕಂಪನಿ ಹೇಳಿದೆ, ಹಾಗಾದರೆ ಇವಳು ತಪ್ಪು ಮಾಡಿರುವ ಸಾಧ್ಯತೆ 99%. ಕಂಪನಿ ಹೇಳಿದ್ದು ಹೌದು, 20% ಕ್ಕಿಂತ ಹೆಚ್ಚು ಅಂಕ ಬಂದ ಕಡತಗಳ ಬಗ್ಗೆ, ತನ್ನದೇ ಪರೀಕ್ಷೆಯ ಆಧಾರದಲ್ಲಿ. ಆದರೆ ಅದು ಹೇಳುವುದು ಸ್ವಂತ ಬರೆದವರ ಗುಂಪಿನ ಬಗ್ಗೆ: ಅಂಥ ನೂರು ಮಂದಿಯಲ್ಲಿ ತಪ್ಪಾಗಿ ಸಿಕ್ಕಿಬೀಳುವವರು ಒಬ್ಬರಿಗಿಂತ ಕಡಿಮೆ. ಗೈಡಿಗೆ ಬೇಕಾದ್ದು ತಿರುಗುಮುರುಗು ಪ್ರಶ್ನೆಯ ಉತ್ತರ: ಸಿಕ್ಕಿಬಿದ್ದವರಲ್ಲಿ ಸ್ವಂತ ಬರೆದವರೆಷ್ಟು?

ಇದಕ್ಕೆ ಇಡೀ ವಿಭಾಗವನ್ನು ಎದುರಿಗಿಟ್ಟುಕೊಳ್ಳಬೇಕು. 120 ವರದಿಗಳಿವೆ ಎನ್ನಿ. 15 ಮಂದಿ ನಿಜವಾಗಿ ಚಾಟ್‌ಬಾಟ್ ಕೈಯಿಂದ ಬರೆಸಿದ್ದಾರೆ, ಉಪಕರಣ ಅಂಥ ನೂರರಲ್ಲಿ 80ನ್ನು ಹಿಡಿಯುತ್ತದೆ ಎಂದು ಊಹಿಸೋಣ. ಹಿಡಿದದ್ದು 12. ಸ್ವಂತ ಬರೆದ 105 ಮಂದಿಯಲ್ಲಿ 1% ಅಂದರೆ ಒಬ್ಬರು. ಬಲೆಗೆ ಬಿದ್ದ 13ರಲ್ಲಿ ಒಬ್ಬ ನಿರಪರಾಧಿ. ಇನ್ನು ನಮ್ಮ ವಿದ್ಯಾರ್ಥಿಗಳ ಎಚ್ಚರದ ಇಂಗ್ಲಿಷಿಗೆ ತಪ್ಪು 5% ತನಕ ಏರುತ್ತದೆ ಎಂದು ಊಹಿಸಿದರೆ 105ರಲ್ಲಿ ಐದು ಮಂದಿ, 17ರಲ್ಲಿ 5. ಶ್ರದ್ಧೆಯ ತರಗತಿಯಾಗಿದ್ದು ಕದ್ದು ಬರೆಸಿದವರು ಐದೇ ಮಂದಿ ಇದ್ದರೆ? ಹಿಡಿದದ್ದು 4, ತಪ್ಪಾಗಿ ಹಿಡಿದದ್ದು 115ರ 5%, ಅಂದರೆ ಸುಮಾರು 6. ಆಗ ಸಿಕ್ಕಿಬಿದ್ದ ಹತ್ತರಲ್ಲಿ ಆರು ಮಂದಿ ಏನೂ ಮಾಡದವರು. ಉಪಕರಣ ಅದೇ, ತರಗತಿ ಬೇರೆ. 46 ಎಂಬ ಸಂಖ್ಯೆಯನ್ನು ಎಷ್ಟು ಹೊತ್ತು ನೋಡಿದರೂ ತಾನು ಯಾವ ತರಗತಿಯಲ್ಲಿದ್ದೇನೆಂದು ಗೈಡಿಗೆ ತಿಳಿಯುವುದಿಲ್ಲ.

ಹಾಗಾದರೆ ಅಂಕದಿಂದ ಏನು ಪ್ರಯೋಜನ ಎಂದರೆ, ಎಲ್ಲಿ ನೋಡಬೇಕೆಂದು ಅದು ಬೆರಳು ತೋರಿಸುತ್ತದೆ. ಶೇಕಡಾವನ್ನು ಬಿಟ್ಟು ಬಣ್ಣ ಬಿದ್ದ ಸಾಲುಗಳಿಗೆ ಇಳಿದಾಗಲೇ ಈ ಪ್ರಕರಣ ಬಿಚ್ಚಿಕೊಂಡದ್ದು.

2,300 ಪದ ಮೂರು ತುಂಡಾದದ್ದು

ಬಣ್ಣ ಮೂರೇ ಕಡೆ ಇತ್ತು: ಪೀಠಿಕೆಯಲ್ಲಿ 400 ಪದ, ಸಾಹಿತ್ಯ ಸಮೀಕ್ಷೆಯಲ್ಲಿ 1,300, ಅಧ್ಯಯನ ವಿಧಾನದಲ್ಲಿ 600. ಐಸ್ ಪ್ಲ್ಯಾಂಟಿನವರನ್ನು ಮಾತಾಡಿಸಿ ಬರೆದ ನಾಲ್ಕನೆಯ ಅಧ್ಯಾಯದಲ್ಲಿ ಒಂದು ಸಾಲಿಗೂ ಬಣ್ಣವಿಲ್ಲ.

ಸುಲಭದ್ದರಿಂದ ಶುರು ಮಾಡಿದರು. ಅಧ್ಯಯನ ವಿಧಾನದ ಮೊದಲ ವಾಕ್ಯ: "ದ ಸ್ಟಡಿ ಈಸ್ ಬೇಸ್ಡ್ ಆನ್ ಬೋತ್ ಪ್ರೈಮರಿ ಆ್ಯಂಡ್ ಸೆಕೆಂಡರಿ ಡೇಟಾ." ಕಾಮರ್ಸ್ ವಿಭಾಗದಲ್ಲಿ ಪಾಠ ಮಾಡಿದ ಯಾರಿಗಾದರೂ ಈ ವಾಕ್ಯ ಕಂಠಪಾಠ. ಇದರ ನಂತರ ಪ್ರಶ್ನಾವಳಿಯ ವಾಕ್ಯ, ಆಮೇಲೆ ಮಾದರಿ ಗಾತ್ರದ ವಾಕ್ಯ, ಆಮೇಲೆ ಅಧ್ಯಯನದ ಮಿತಿ. ಗ್ರಂಥಾಲಯದ ಕಪಾಟಿನಿಂದ ಚಾಟ್‌ಬಾಟ್‌ಗಳು ಬರುವುದಕ್ಕೂ ಮೊದಲಿನ ಎರಡು ವರದಿಗಳನ್ನು ತೆಗೆದು ಪಕ್ಕಕ್ಕಿಟ್ಟರು; ಮೂರರದ್ದೂ ಒಂದೇ ಅಚ್ಚು. ವಿಭಾಗವೇ ಹಂಚಿದ ಮಾದರಿ ಪುಟ ಅದು. ಪ್ರತಿ ಪದದ ಮುಂದೆ ಯಾವ ಪದ ಬರುತ್ತದೆಂದು ಮಗುವೂ ಹೇಳಬಹುದಾದ ಗದ್ಯಕ್ಕೆ ಬಣ್ಣ ಬೀಳದಿದ್ದರೆ ಆಶ್ಚರ್ಯ. ಎದುರುಬದಿಗೆ, ನಾಲ್ಕನೆಯ ಅಧ್ಯಾಯದ ಒಂದು ವಾಕ್ಯದ ತಿರುಳು ಹೀಗಿದೆ: ಬೋಟಿನವರು ದುಡ್ಡು ಕೊಡುವುದು ಮೀನು ಏಲಂ ಆದ ಮೇಲೆ, ಮೆಸ್ಕಾಂ ಬಿಲ್ಲು ಅಲ್ಲಿಯವರೆಗೆ ಕಾಯುವುದಿಲ್ಲ, ಜೂನ್ ಒಂದರಿಂದ ಜುಲೈ ಕೊನೆಯ ತನಕ ಬೋಟೇ ಇಳಿಯುವುದಿಲ್ಲವಾದ್ದರಿಂದ ಮೇ ತಿಂಗಳ ಬಾಕಿ ಆಗಸ್ಟಿಗೆ ಹೋಗುತ್ತದೆ. ಅವಳ ಇಂಗ್ಲಿಷಿನಲ್ಲಿ ಅದು ಎಡವುತ್ತ ಸಾಗುವ ವಾಕ್ಯ. ಮುಂದಿನ ಪದ ಯಾವುದೆಂದು ಊಹಿಸುವುದು ಕಷ್ಟ.

ಸಾಹಿತ್ಯ ಸಮೀಕ್ಷೆ ಬೇರೆ ಕಥೆ. ಗೈಡ್ ಅವಳನ್ನು ಕೂರಿಸಿ 20 ನಿಮಿಷ ಮಾತಾಡಿಸಿದರು. ಮಾತಾಡಿಸುವ ಕ್ರಮದಲ್ಲಿ ಒಂದು ಎಚ್ಚರ ಬೇಕು: "ಇದನ್ನು ನೀನೇ ಬರೆದೆಯಾ" ಎಂದು ಕೇಳಿದರೆ ಎಲ್ಲರ ಉತ್ತರವೂ ಒಂದೇ. "ಮೂರನೆಯ ಪ್ಯಾರಾದ ಲೇಖನದಲ್ಲಿ ಅವರು ಏನು ಅಳೆದರು, ಅದು ನಿನ್ನ ಐಸ್ ಪ್ಲ್ಯಾಂಟಿಗೆ ಹೇಗೆ ಹೊಂದುತ್ತದೆ" ಎಂದು ಕೇಳಬೇಕು. ಅವಳು ಕನ್ನಡದಲ್ಲಿ ಸಲೀಸಾಗಿ ಹೇಳಿದಳು. ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು: ಓದಿದ ಪ್ರತಿ ಲೇಖನದ ಸಾರ ಕನ್ನಡದಲ್ಲಿ, ವರದಿಯಲ್ಲಿದ್ದ ಅದೇ ಕ್ರಮದಲ್ಲಿ. ಆ ಟಿಪ್ಪಣಿಗಳನ್ನು ಟೈಪ್ ಮಾಡಿ ಅನುವಾದ ತಾಣಕ್ಕೆ ಹಾಕಿ, ಬಂದ ಇಂಗ್ಲಿಷನ್ನು ವ್ಯಾಕರಣ ತಿದ್ದುವ ಉಪಕರಣದಲ್ಲಿ "ಸುಧಾರಿಸು" ಗುಂಡಿ ಒತ್ತಿ ತೆಗೆದುಕೊಂಡಿದ್ದಳು. ಇದಕ್ಕೆ ಸಾಕ್ಷಿ ವರದಿಯಲ್ಲೇ ಇತ್ತು. ಒಂದು ಕಡೆ "ಹ್ಯಾಂಡ್ ಡೆಟ್" ಎಂಬ ಯಾರೂ ಬಳಸದ ಪದ. ನೋಟ್‌ಬುಕ್ಕಿನಲ್ಲಿ ಅದೇ ಜಾಗದಲ್ಲಿ ಇದ್ದದ್ದು "ಕೈಗಡ". ಚಾಟ್‌ಬಾಟ್ ಇಂಗ್ಲಿಷಿನಲ್ಲೇ ನೇರವಾಗಿ ಬರೆದಿದ್ದರೆ ಅಲ್ಲಿ ಕೈಗಡದ ನೆರಳು ಬೀಳಲು ಕಾರಣವಿಲ್ಲ.

ಇಲ್ಲಿ ಉಪಕರಣ ತಪ್ಪಿದೆಯೇ? ವಾಕ್ಯಗಳನ್ನು ಕಟ್ಟಿದ್ದು ಯಂತ್ರವೇ, ಆದ್ದರಿಂದ ಪೂರ್ತಿ ತಪ್ಪಿದೆ ಎನ್ನುವಂತಿಲ್ಲ. ಆದರೆ ಓದಿದ್ದು, ಆರಿಸಿದ್ದು, ಸಾರ ತೆಗೆದದ್ದು ಅವಳು. ವಾಕ್ಯ ಯಾರದ್ದು ಎಂಬ ಪ್ರಶ್ನೆ ಬೇರೆ, ಕೆಲಸ ಯಾರದ್ದು ಎಂಬುದು ಬೇರೆ. ಅಂಕಕ್ಕೆ ಮೊದಲನೆಯದರ ಬಗ್ಗೆ ಅಂದಾಜು ಇದೆ, ಎರಡನೆಯದರ ಬಗ್ಗೆ ಬಾಯೇ ಇಲ್ಲ. ಅನುವಾದ ಉಪಕರಣ ಬಳಸಬಹುದೇ ಬಾರದೇ ಎಂದು ಕಾಲೇಜಿನ ಪ್ರಾಜೆಕ್ಟ್ ಕೈಪಿಡಿಯಲ್ಲಿ ಒಂದು ಸಾಲೂ ಇರಲಿಲ್ಲ. ಇಲ್ಲದ ನಿಯಮ ಮುರಿದಳೆಂದು ಶಿಕ್ಷೆ ಕೊಡಲು ಬರುವುದಿಲ್ಲ.

ಕೊನೆಗೆ ಪೀಠಿಕೆಯ 400 ಪದ. ಅವಳು ಬರೆದದ್ದು ಗೂಗಲ್ ಡಾಕ್ಸ್‌ನಲ್ಲಿ. `File > Version history > See version history` ತೆರೆದು ಬಲಬದಿಯ ದಿನಾಂಕಗಳನ್ನು ಒಂದೊಂದಾಗಿ ಒತ್ತುತ್ತ ಹೋದರು. ನಾಲ್ಕನೆಯ ಅಧ್ಯಾಯ ಹದಿನೈದು ದಿನಗಳಲ್ಲಿ ಬೆಳೆದಿತ್ತು: ಒಂದು ದಿನ ಎರಡು ಪ್ಯಾರಾ, ಮರುದಿನ ಅದರಲ್ಲೊಂದು ಅಳಿಸಿದ್ದು, ಕೋಷ್ಟಕ ಮೇಲೆ ಕೆಳಗೆ ಆದದ್ದು. ಪೀಠಿಕೆಯಲ್ಲಿ ಒಂದು ರಾತ್ರಿ ಏನೂ ಇರಲಿಲ್ಲ, ಮರುಗಳಿಗೆಗೆ ಭಾರತದ ಮೀನುಗಾರಿಕೆಯ ಮಹತ್ವದ ಬಗ್ಗೆ ನಾಲ್ಕು ಪ್ಯಾರಾ. ಒಮ್ಮೆಗೇ ಅಂಟಿಸಿದ್ದು ಮಾತ್ರಕ್ಕೆ ಅಪರಾಧವಲ್ಲ. ಬೇರೆ ಕಡತದಲ್ಲಿ ಬರೆದು ಅಂಟಿಸುವವರಿದ್ದಾರೆ. ಹಾಗಾಗಿ ಆ ಬೇರೆ ಕಡತ ಎಲ್ಲಿ ಎಂದು ಕೇಳಿದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಮಾತ್ರ ಚಾಟ್‌ಜಿಪಿಟಿಯದ್ದು ಸರ್, ಟೈಮ್ ಇರಲಿಲ್ಲ" ಎಂದಳು.

ವರ್ಡ್‌ನಲ್ಲಿ ಬರೆದವರಾಗಿದ್ದರೆ `File > Info` ಒಳಗಿನ ಒಟ್ಟು ತಿದ್ದುಪಡಿ ಸಮಯವನ್ನು ನೋಡುವ ರೂಢಿಯಿದೆ. ಅದರ ಮೇಲೆ ಭಾರ ಹಾಕಬಾರದು. ಕಡತ ತೆರೆದಿಟ್ಟು ಊಟಕ್ಕೆ ಹೋದರೂ ಸಮಯ ಏರುತ್ತದೆ. ತಿಂಗಳುಗಟ್ಟಲೆ ಬರೆದದ್ದನ್ನು ಹೊಸ ಕಡತಕ್ಕೆ ಅಂಟಿಸಿದರೆ ಐದು ನಿಮಿಷ ಎಂದು ತೋರಿಸುತ್ತದೆ.

ಪೀಠಿಕೆಯಲ್ಲಿ ಇನ್ನೊಂದು ಸಣ್ಣ ಸಂಗತಿ ಇತ್ತು. ಅಂಟಿಸಿದ ಪ್ಯಾರಾಗಳ ಬೆನ್ನಿಗೇ ಮಲ್ಪೆ ಬಂದರಿನ ಬಗ್ಗೆ ಎರಡು ವಾಕ್ಯಗಳಿವೆ, ಬಣ್ಣ ಅವಕ್ಕೂ ಬಿದ್ದಿದೆ. ಅವು ನಾಲ್ಕು ದಿನದ ನಂತರ ಸ್ವಲ್ಪ ಸ್ವಲ್ಪವಾಗಿ ಸೇರಿದ್ದು ಆವೃತ್ತಿ ಇತಿಹಾಸದಲ್ಲಿ ಕಾಣುತ್ತದೆ. ಇದು ಉಪಕರಣ ಕೆಲಸ ಮಾಡುವ ರೀತಿಯಿಂದ ಆಗುವಂಥದ್ದು. ಅದು ವಾಕ್ಯವನ್ನು ಒಂಟಿಯಾಗಿ ನೋಡುವುದಿಲ್ಲ. ಕೆಲವು ನೂರು ಪದಗಳ, ಒಂದರ ಮೇಲೊಂದು ಹಾಯುವ ತುಂಡುಗಳನ್ನು ಮಾಡಿ, ವಾಕ್ಯಗಳಿಗೆ ಸುತ್ತಲಿನ ಸಂದರ್ಭದೊಂದಿಗೆ ಸೊನ್ನೆಯಿಂದ ಒಂದರವರೆಗೆ ಅಂಕ ಕೊಟ್ಟು ಸರಾಸರಿ ತೆಗೆಯುತ್ತದೆ. ಯಂತ್ರದ ಪ್ಯಾರಾದ ಅಂಚಿಗೆ ಅಂಟಿಕೊಂಡ ಮನುಷ್ಯರ ವಾಕ್ಯಕ್ಕೂ ಆ ಬಣ್ಣ ಸೋರುತ್ತದೆ. ಬಣ್ಣ ಬಿದ್ದ ನೂರು ವಾಕ್ಯಗಳಲ್ಲಿ ಸುಮಾರು ನಾಲ್ಕು ಮನುಷ್ಯರವಾಗಿರಬಹುದು, ಅಂಥವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಐ ವಾಕ್ಯದ ಪಕ್ಕದಲ್ಲೇ ಇರುತ್ತವೆ ಎಂದು ಕಂಪನಿಯೇ 2023ರಲ್ಲಿ ಹೇಳಿತ್ತು. ಹಾಗಾಗಿ ಬಣ್ಣದ ಮೊದಲ ಒಂದೆರಡು ವಾಕ್ಯ, ಕೊನೆಯ ಒಂದೆರಡು ವಾಕ್ಯ ಇವುಗಳ ಮೇಲೆ ಯಾರನ್ನೂ ಕಟಕಟೆಗೆ ನಿಲ್ಲಿಸಬಾರದು.

ಸಮಿತಿ ಬರೆದುಕೊಂಡದ್ದು

ವಿಭಾಗದ ಸಮಿತಿಯ ಟಿಪ್ಪಣಿಯ ಮೊದಲ ಕರಡಿನಲ್ಲಿ "ವರದಿಯ 46% ಕೃತಕ ಬುದ್ಧಿಮತ್ತೆಯಿಂದ ರಚಿತವಾಗಿರುವುದು ದೃಢಪಟ್ಟಿದೆ" ಎಂದಿತ್ತು. ಅದನ್ನು ಹೊಡೆದುಹಾಕಿ ಹೀಗೆ ಬರೆದರು: "ಉಪಕರಣವು 5,000 ಪದಗಳ ಗದ್ಯದಲ್ಲಿ ಸುಮಾರು 2,300 ಪದಗಳನ್ನು ಗುರುತಿಸಿದೆ. ಅದರಲ್ಲಿ ಸುಮಾರು 400 ಪದಗಳನ್ನು ಚಾಟ್‌ಬಾಟ್‌ನಿಂದ ಪಡೆದುದಾಗಿ ವಿದ್ಯಾರ್ಥಿನಿ ಒಪ್ಪಿದ್ದಾರೆ. 1,300 ಪದಗಳು ಅವರ ಕನ್ನಡ ಟಿಪ್ಪಣಿಯ ಯಂತ್ರಾನುವಾದ. ಟಿಪ್ಪಣಿ ಪುಸ್ತಕ ಪರಿಶೀಲಿಸಲಾಗಿದೆ. 600 ಪದಗಳು ವಿಭಾಗದ ಮಾದರಿ ಪುಟದವು."

ಪೀಠಿಕೆಯನ್ನು ಹೊಸದಾಗಿ ಬರೆಯಲು ಹೇಳಿ ಅದಕ್ಕೆ ಮೀಸಲಿದ್ದ ಅಂಕ ಕಳೆದರು. ಸಾಹಿತ್ಯ ಸಮೀಕ್ಷೆಯನ್ನು ಅವಳದೇ ಇಂಗ್ಲಿಷಿನಲ್ಲಿ, ಸೊಟ್ಟಗಿದ್ದರೂ ಅಡ್ಡಿಯಿಲ್ಲ ಎಂದು ಹೇಳಿ, ಮತ್ತೆ ಬರೆಸಿದರು. ಕೈಗಡ ಕೈಗಡವಾಗಿಯೇ ಉಳಿಯಿತು, ಅಡಿಯಲ್ಲಿ ಒಂದು ಸಾಲಿನ ವಿವರಣೆಯೊಂದಿಗೆ. ವಿಧಾನದ ಅಧ್ಯಾಯವನ್ನು ಮುಟ್ಟಲಿಲ್ಲ.

ಮರುಪರಿಶೀಲನೆ ಬೇಕೆಂದು ಸಮಿತಿ ಕೇಳಿರಲಿಲ್ಲ, ಆದರೆ ಕಚೇರಿಯ ಕಡತಕ್ಕೆ ಅಂಕ ಬೇಕಿತ್ತು. ಹಾಕಿದಾಗ ಪರದೆಯಲ್ಲಿ ಸಂಖ್ಯೆಯ ಜಾಗದಲ್ಲಿ `*%` ಎಂದು ಬಂತು, ಬಣ್ಣ ಎಲ್ಲಿಯೂ ಇಲ್ಲ. 1ರಿಂದ 19ರ ನಡುವಿನ ಅಂಕದಲ್ಲಿ ತಪ್ಪುಗಳು ಹೆಚ್ಚೆಂದು ಟರ್ನಿಟಿನ್ ಅಲ್ಲಿ ಸಂಖ್ಯೆಯನ್ನೂ ತೋರಿಸುವುದಿಲ್ಲ, ಯಾವ ಸಾಲೆಂದೂ ತೋರಿಸುವುದಿಲ್ಲ. ಮಾದರಿ ಪುಟದ 600 ಪದ ಒಳಗೆಲ್ಲೋ ಎಣಿಕೆಯಾಗಿರಬಹುದು.

"ಸರ್, ರಿಜಿಸ್ಟರಿನಲ್ಲಿ ಎಷ್ಟೂಂತ ಬರಿಯುದು?" ಎಂದು ಗುಮಾಸ್ತರು ಕೇಳಿದರು. "ನಕ್ಷತ್ರ ಹಾಕಿ ಮಾರಾಯ್ರೆ" ಎಂದರು ಗೈಡ್.